ಕರೆದು ಹೊಡೆದ್ರ ಯಾವ ನಾಯಿ ಬಂದೀತು?

ಸಂಜೀ ಮುಂದ ಪಾರ್ಕಿಗೆ ಹೋದ್ರ ಒಂದು ದನಿ ಕೇಳೇ ಕೇಳ್ತದ. "ಮೋತೀ ಬಾ, ಬಾ ಇಲ್ಲೆ, ಬರ್ತೀಯೋ ಇಲ್ಲೋ, ಏಯ್ ಬಾ ಅಂದ್ನಿ!" ಅಂತ ಹದಿನೈದು ಸಲ ಕೂಗ್ತಾರ. ಮೋತಿ ಗೇಟಿನ ಹತ್ರ ಗಿರಮಿಟ್ ಗಾಡಿ ಕೆಳಗ ಬಿದ್ದ ಕಾಗದ ನೆಕ್ಕೋತ ನಿಂತಿರ್ತದ. ಕಡೀಕೆ ಹೆಂಗೋ ಬಂತು ಅಂದ್ರ ಬೆನ್ನಿಗೆ ಒಂದು ಏಟು, ಕೊರಳಿಗೆ ಚೈನು, ನಡಿ ಮನೀಗೆ. ಆಮ್ಯಾಲ ನಮ್ಮ ಮುಂದ "ನಮ್ಮ ನಾಯಿ ಭಾಳ ಹಟಮಾರಿ ರೀ" ಅಂತ ದೂರು.

ನಾ ಹೇಳ್ತೀನಿ, ನಾಯಿ ಹಟಮಾರಿ ಅಲ್ಲ, ಶಾಣ್ಯಾ ಅದ. ಅದು ಲೆಕ್ಕ ಹಾಕೇದ. ದೂರ ಇದ್ರ ಆಟ, ಹತ್ರ ಹೋದ್ರ ಏಟು. ಹೊಡದವ್ರಿಗೆ "ತಡಾ ಮಾಡಿ ಬಂದದ್ದಕ್ಕ ಹೊಡದೆ" ಅಂತ ಅನಸ್ತದ. ನಾಯಿಗೆ ಹಂಗ ತಿಳಿಯಂಗಿಲ್ಲ. ಏಟು ಬೀಳೋ ಹೊತ್ತಿಗೆ ಅದು ಮಾಡಿದ ಕಡೀ ಕೆಲಸ ಯಾವುದು? ನಿಮ್ಮ ಹತ್ರ ಬಂದದ್ದು. ಅದಕ್ಕ ಶಿಕ್ಷಾ ಆತು ಅಂತ ತಿಳ್ಕೋತದ. ಕರೆದು ಹೊಡೆಯೋ ತಾಯಿ ಹತ್ರ ಕೂಸಾದ್ರೂ ಬರ್ತದೇನು?

ಹೊಡೀದವ್ರೂ ಇದ್ದಾರ, ಆದ್ರ ಅವ್ರು ಕರೆಯೋದು ಮನೀಗೆ ಹೋಗೂ ಮುಂದ ಒಂದ ಸಲ. ಹಂಗಾಗಿ "ಬಾ" ಅಂದ್ರ ಆಟ ಮುಗೀತು ಅಂತ ಅರ್ಥ ಆಗ್ತದ. ಇಂಥಾ ಕರೆಗೆ ಯಾರು ಓಡಿ ಬಂದಾರು? ಅದೂ ಅಲ್ಲದ "ಬಾ" ಅನ್ನೋ ಮಾತು ಮನ್ಯಾಗ ದಿನಕ್ಕ ನೂರು ಸಲ ಬರ್ತದ. ಮಗನಿಗೂ ಬಾ, ಹಾಲಿನವಗೂ ಬಾ. ಅಷ್ಟು ಸವೆದ ಮಾತಿಗೆ ಗದ್ದಲದಾಗ ಬೆಲಿ ಉಳಿಯಂಗಿಲ್ಲ.

ನಮ್ಮ ಓಣಿಯ ವೈನಿ ಮನ್ಯಾಗೂ ಒಂದು ಮೋತಿ ಅದ. ಬೀದಿ ತಳಿ, ಎರಡು ವರ್ಷದ್ದು. ಅವ್ರು ಮದಲ ಹೊಸಾ ಮಾತು ಆರಿಸ್ಕೊಂಡ್ರು, "ಹಾಜರ್". ಮನ್ಯಾಗ ಮತ್ತ್ಯಾರೂ ಆ ಮಾತು ಆಡಬಾರದು ಅಂತ ಕಟ್ಟಪ್ಪಣಿ. ಪನೀರು ಕಡಲಿಬ್ಯಾಳಿಗಿಂತ ಒಂದಿಷ್ಟು ದೊಡ್ಡದಾಗಿ ಹೆಚ್ಚಿ, ಅಡಗೀಮನ್ಯಾಗ ನಿಂತು ಒಂದ ಸಲ "ಹಾಜರ್" ಅಂದು ತಕ್ಷಣ ಒಂದು ಚೂರು ಬಾಯಾಗ ಇಟ್ರು. ಹತ್ತು ಸಲ ಮುಂಜಾನೆ, ಹತ್ತು ಸಲ ಸಂಜೀಕೆ. ಮಾತು ಮದಲ, ಕೈ ಆಮ್ಯಾಲ. ಒಂದು ವಾರದ ಮ್ಯಾಲ ಮೋತಿ ಬ್ಯಾರೆ ಕಡೆ ನೋಡ್ತಿದ್ದಾಗ ಅಂದು ನೋಡಿದ್ರು. ಕತ್ತು ಚಟ್ಟನ ತಿರುಗಿಸಿ ಓಡಿ ಬಂತು. ಹತ್ತಕ್ಕ ಎಂಟು ಸಲ ಹಂಗ ಬಂದ ಮ್ಯಾಲೇ ಅಂಗಳಕ್ಕ ಹೋದ್ರು, ಅಲ್ಲೂ ಹಂಗ ಆದ ಮ್ಯಾಲ ಪಾರ್ಕಿಗೆ.

ತಿನಿಸು ಅಂತ ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಕೊಡಬ್ಯಾಡ್ರಿ. ನಾಯಿಯ ಮೂತ್ರಪಿಂಡ ಕೆಡ್ತದ.

ಪಾರ್ಕಿನಾಗ ಬಿಟ್ಟು ನೋಡೋದು ಅಲ್ಲ. ಹತ್ತು ಮೀಟರಿನ ಉದ್ದ ಹಗ್ಗ ತಂದು, ಕೊರಳಿಗೆ ಅಲ್ಲ, ಎದಿಗೆ ಹಾಕೋ ಪಟ್ಟಾಕ್ಕ ಕಟ್ಟಿದ್ರು. ಓಡೋ ನಾಯಿಗೆ ಕೊರಳಾಗ ಜಗ್ಗು ಬಿದ್ರ ಪೆಟ್ಟಾಗ್ತದ. ಹಗ್ಗ ಕೈಗೆ ಸುತ್ತಿಕೊಂಡ್ರ ನಿಮ್ಮ ಬೆರಳಿಗೆ ಪೆಟ್ಟು, ಅದಕ್ಕ ಸುತ್ತದ ಹಿಡೀಬೇಕು. ಮದಲ ದಿನ ಮುಂಜಾನೆ ಆರಕ್ಕ, ಮಂದಿ ಕಮ್ಮಿ ಇದ್ದಾಗ ಹೋದ್ರು. ಹುಡುಗೂರು ಚೆಂಡಾಡೋ ಕಡೆಯಿಂದ ಭಾಳ ದೂರ ನಿಂತ್ರು.

ಎಷ್ಟು ದೂರ ಅಂತ ಕೇಳ್ತೀರಿ. ಅದನ್ನ ನಾಯಿನ ಹೇಳ್ತದ. ಚೆಂಡಿನ ಕಡೆ ನೋಡಿದ್ರೂ ಕೈಯಾಗಿನ ಪನೀರು ತಿಂದ್ರ ಅಂತರ ಸರಿ ಅದ. ಮೂಗಿಗೆ ಹಿಡಿದ್ರೂ ತಿನ್ನದ ಅತ್ಲಾಗ ದಿಟ್ಟಿಸಿ ನಿಂತ್ರ ನೀವು ಭಾಳ ಹತ್ರ ಹೋಗೀರಿ. ಆಗ ಕರೀಬ್ಯಾಡ್ರಿ, ಹತ್ತು ಹೆಜ್ಜಿ ಹಿಂದ ಸರೀರಿ. ಬರಂಗಿಲ್ಲ ಅಂತ ಗೊತ್ತಿದ್ದೂ ಕರೆದ್ರ ಆ ಮಾತು ಕಿವಿ ಮ್ಯಾಲ ಹಾಕ್ಕೊಬಾರದ್ದು ಅಂತ ನೀವ ಕಲಿಸಿದಂಗ.

ಕರೆಯೋದು ಒಂದ ಸಲ. ಬರಲಿಲ್ಲಂದ್ರ ಬೆನ್ನು ತಿರುಗಿಸಿ ನಾಕು ಹೆಜ್ಜಿ ಓಡ್ರಿ, ಇಲ್ಲಾ ಕೆಳಗ ಕುಕ್ಕರಗಾಲಿಲೆ ಕೂಡ್ರಿ. ಓಡೋವ್ರ ಬೆನ್ನು ಹತ್ತೋದು ನಾಯಿ ಸ್ವಭಾವ. ನೀವ ಅದರ ಬೆನ್ನು ಹತ್ತಿದ್ರಿ ಅಂದ್ರ ಅದಕ್ಕ ಮುಟ್ಟಾಟ ಶುರು ಆತು. ಆಗಲೂ ಬರಲಿಲ್ಲಂದ್ರ ಹಗ್ಗ ಹಿಡ್ಕೊಂಡು ಸುಮ್ಮನ ಅದರ ಹತ್ರ ಹೋಗಿ, ಬೈಯದ ದೂರ ಕರ್ಕೊಂಡು ಬರ್ರಿ.

ಬಂದಾಗ ಮದಲ ಒಂದು ಕೈಲೆ ಕೊರಳಪಟ್ಟಿ ಮೆತ್ತಗ ಮುಟ್ರಿ, ಆಮ್ಯಾಲ ಇನ್ನೊಂದು ಕೈಲೆ ಪನೀರು ಕೊಡ್ರಿ. ಇದನ್ನ ಬಿಟ್ರ, ತಿನಿಸು ಕಸ್ಕೊಂಡು ಕೈಗೆ ಸಿಗದಂಗ ಓಡೋದು ಕಲೀತದ.

ಇನ್ನ ಎಲ್ಲಾರೂ ಮರೆಯೋದು ಒಂದದ. ಪನೀರು ಕೊಟ್ಟ ಕೂಡಲೇ "ಹೋಗು, ಆಡು" ಅಂತ ಮತ್ತ ಕಳಸ್ರಿ. ವೈನಿ ಒಂದು ಸಂಜೀಕೆ ಹತ್ತು ಸಲ ಕರೆದ್ರ ಹತ್ತೂ ಸಲ ವಾಪಸ್ ಕಳಸ್ತಿದ್ರು. ಮನೀಗೆ ಹೋಗೂ ಮುಂದ ಕರೀತನ ಇರಲಿಲ್ಲ, ತಾವೇ ಹೋಗಿ ಚೈನು ಹಾಕ್ತಿದ್ರು. ಕರೆ ಬಂತು ಅಂದ್ರ ತಿನಿಸೂ ಸಿಗ್ತದ, ಆಟಾನೂ ತಪ್ಪಂಗಿಲ್ಲ ಅಂತ ಮೋತಿಗೆ ಖಾತ್ರಿ ಆತು. ಅಂತರ ದಿನಾ ಒಂದಿಷ್ಟು ಕಡಿಮಿ ಮಾಡಿಕೋತ, ಮದಲ ಚೆಂಡು, ಆಮ್ಯಾಲ ಬ್ಯಾರೆ ನಾಯಿ, ಎಲ್ಲಾದಕ್ಕೂ ಕಡೀಕೆ ಗಿರಮಿಟ್ ಗಾಡಿ. ಮೂರು ತಿಂಗಳು ಹಿಡೀತು. ಈಗ ಬಿದ್ದ ಕಾಗದದ ಮುಂದಿಂದಲೂ ತಿರುಗಿ ಬರ್ತದ.

"ಇದು ಲಂಚ ಆತಲ್ರೀ" ಅಂತ ನಮ್ಮ ಅತ್ತಿಯವ್ರ ವಾದ. ಲಂಚ ಕೆಲಸಕ್ಕ ಮದಲ ತೋರಸ್ತಾರ, ಪಗಾರ ಕೆಲಸ ಆದ ಮ್ಯಾಲ ಕೊಡ್ತಾರ. ತಿನಿಸು ಕಿಸೇದಾಗ ಮುಚ್ಚಿರಲಿ, ಬಂದ ಮ್ಯಾಲೇ ಹೊರಗ ಬರಲಿ. ಡಬ್ಬಿ ಅಳ್ಳಾಡಿಸಿ ಕರೆಯೋದು ಲಂಚ. ಅದು ಡಬ್ಬಿಗೆ ಬರ್ತದ, ನಿಮಗಲ್ಲ.

ಇಷ್ಟೆಲ್ಲಾ ಕಲಿಸಿದ್ರೂ ಪಟಾಕಿ ಸದ್ದಿಗೆ ಬೆದರಿದ ನಾಯಿಗೆ, ಅಳಿಲಿನ ಹಿಂದ ಓಡೋ ನಾಯಿಗೆ ನಿಮ್ಮ ದನಿ ಮುಟ್ಟಲಿಕ್ಕಿಲ್ಲ. ಅದಕ್ಕ ರಸ್ತೆ ಬದಿಗೆ ಚೈನು ಬಿಚ್ಚಬ್ಯಾಡ್ರಿ. ಪಾರ್ಕಿನ ಬೋರ್ಡಿನ್ಯಾಗ ನಾಯಿಗೆ ಚೈನು ಇರಬೇಕು ಅಂತ ಬರದಿದ್ರ ಮೋತಿಗೂ ಚೈನು. ಅಂಜೋ ಕೂಸುಗಳು, ಕೋಲು ಹಿಡಿದ ಅಜ್ಜಂದಿರು ಅಲ್ಲಿರ್ತಾರ. "ನಮ್ಮದು ಏನೂ ಮಾಡಂಗಿಲ್ಲ ರೀ" ಅನ್ನೋ ಮಾತಿಂದ ಅವ್ರ ಅಂಜಿಕಿ ಹೋಗಂಗಿಲ್ಲ.

ಬರಲಿಲ್ಲ ಅಂತ ಹೊಡೆಯೋ ಕೈಗಳಿಗೆ ನನ್ನದೊಂದ ಮಾತು. ನಾಳೆ ಗೇಟು ದಾಟಿ ಲಾರಿ ಬರೋ ರಸ್ತೆಗೆ ಓಡಿದಾಗ, ನಾಯಿ ನಿಮ್ಮ ದನಿ ಕೇಳಿ ತಿರುಗಬೇಕು. ಆ ದನ್ಯಾಗ ಏಟಿನ ನೆನಪಿದ್ರ ಅದು ಇನ್ನೂ ಜೋರು ಓಡ್ತದ.