ಓಟದ ಬೂಟಿನ ಆಯುಸ್ಸು ಅಟ್ಟೆಯಲ್ಲಿಲ್ಲ

ಅಟ್ಟೆ ತೂತು ಬೀಳುವವರೆಗೆ ಪಾದರಕ್ಷೆಯನ್ನು ಬಿಡಬಾರದೆಂಬುದು ನಮ್ಮ ತಲೆಮಾರಿನ ನಿಯಮ. ಚರ್ಮದ ಚಪ್ಪಲಿಗೆ ಅದು ತಕ್ಕದ್ದೇ. ಸವೆದರೆ ಹೊಸ ಅಟ್ಟೆ ಹಾಕಿಸಿದರಾಯಿತು. ಓಟದ ಬೂಟಿಗೆ ಮಾತ್ರ ಈ ನಿಯಮ ಸಲ್ಲದೆಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಹಲವರು ಮುಂಜಾನೆ ಓಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಬೂಟಿನಲ್ಲಿ ರಬ್ಬರಿನ ಅಟ್ಟೆಗೂ ಪಾದಕ್ಕೂ ನಡುವೆ ಫೋಮಿನ ದಪ್ಪ ಪದರವೊಂದಿದೆ. ಅದೇ ಮಿಡ್‌ಸೋಲ್. ಅದರೊಳಗೆ ಅಸಂಖ್ಯ ಪುಟ್ಟ ಗಾಳಿಗೂಡುಗಳಿರುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ಗೂಡುಗಳು ಕುಗ್ಗುತ್ತವೆ, ಮತ್ತೆ ಉಬ್ಬುತ್ತವೆ. ಲಕ್ಷಾಂತರ ಹೆಜ್ಜೆಗಳಾದ ಮೇಲೆ ಅವುಗಳ ಗೋಡೆಗಳು ಸೋತು, ಫೋಮು ತಗ್ಗಿ ಗಟ್ಟಿಯಾಗುತ್ತದೆ. ಅಟ್ಟೆ ಚೆನ್ನಾಗಿರುವಾಗಲೇ ಇದು ನಡೆದುಹೋಗಬಹುದು. ಅಟ್ಟೆಯನ್ನು ಬದಲಿಸಬಹುದು, ಸತ್ತ ಫೋಮಿಗೆ ಜೀವ ಕೊಡಲಾಗದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ತನ್ನ ಬೂಟುಗಳನ್ನು ತೋರಿಸಿದ. ಓಟದ ದೂರವನ್ನು ಹೆಚ್ಚಿಸದಿದ್ದರೂ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಉದ್ದಕ್ಕೂ ನೋವು ಶುರುವಾಗಿತ್ತು. ದಿನಕ್ಕೆ 6 ಕಿ.ಮೀ., ವಾರಕ್ಕೆ 5 ದಿನ. 26 ವಾರಗಳಿಗೆ ಲೆಕ್ಕ ಹಾಕಿದರೆ 780 ಕಿ.ಮೀ. ಸಾಮಾನ್ಯವಾಗಿ ಹೇಳುವ ಮಿತಿ 500ರಿಂದ 800 ಕಿ.ಮೀ. ಆದರೆ ಅದು ಅಂದಾಜು ಮಾತ್ರ. ಓಡುವವರ ತೂಕ, ನೆಲ, ಫೋಮಿನ ಬಗೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಬೂಟನ್ನೇ ಪರೀಕ್ಷಿಸಿದೆವು.

ಮಿಡ್‌ಸೋಲಿನ ಪಕ್ಕದಲ್ಲಿ, ಹಿಮ್ಮಡಿಯ ಬಳಿ, ಅಡ್ಡಡ್ಡ ಸುಕ್ಕುಗಳು ಆಳವಾಗಿ ಮೂಡಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಅಲ್ಲಿ ಪುಟಿತವೇ ಇರಲಿಲ್ಲ. ಅಟ್ಟೆಯನ್ನು ತಿರುಗಿಸಿದರೆ ಹಿಮ್ಮಡಿಯ ಹೊರ ಅಂಚು ಸವೆದಿತ್ತು. ಇಷ್ಟೇ ಆಗಿದ್ದರೆ ಗಾಬರಿ ಬೇಡ. ಅನೇಕರು ನೆಲ ಮುಟ್ಟುವುದೇ ಆ ಅಂಚಿನಿಂದ. ಆದರೆ ಬಲಗಾಲಿನದು ಎಡಗಾಲಿನದಕ್ಕಿಂತ ಬಹಳ ಹೆಚ್ಚು ಸವೆದು, ರಬ್ಬರು ಮುಗಿದು ಫೋಮು ಕಾಣುತ್ತಿತ್ತು. ಎರಡನ್ನೂ ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿದೆವು. ಎಡದ್ದು ನೆಟ್ಟಗಿತ್ತು, ಬಲದ್ದು ಹೊರಕ್ಕೆ ವಾಲಿತ್ತು. ಅಂಥ ಬೂಟಿನಲ್ಲಿ ಪ್ರತಿ ಹೆಜ್ಜೆಯೂ ಇಳಿಜಾರಿನ ಮೇಲೆ ಬಿದ್ದಂತೆ.

ಅಂಗಡಿಯಲ್ಲಿ ಅದೇ ಮಾದರಿಯ ಹೊಸ ಬೂಟನ್ನು ಒಂದು ಕಾಲಿಗೂ ಹಳೆಯದನ್ನು ಇನ್ನೊಂದಕ್ಕೂ ಹಾಕಿ ನಿಂತು ನೋಡಲು ಹೇಳಿದೆ. ವ್ಯತ್ಯಾಸ ಅವನಿಗೆ ಆ ಕ್ಷಣವೇ ತಿಳಿಯಿತಂತೆ. ಬೂಟು ಬದಲಿಸಿದರೂ ನೋವು ಹೋಗದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಹೇಳಿದ್ದೇನೆ. ಎಲ್ಲ ನೋವಿಗೂ ಬೂಟೇ ಕಾರಣವಲ್ಲ.

ಹಳೆಯದನ್ನು ಎಸೆಯಬೇಕೆಂದಿಲ್ಲ. ವಾಲದಿರುವ ಜೋಡಿಯಾದರೆ ಅಂಗಡಿಬೀದಿಗೋ ತೋಟದ ಕೆಲಸಕ್ಕೋ ಆದೀತು. ಹೊಸದನ್ನು ಕೊಂಡ ದಿನ, ಪಠ್ಯಪುಸ್ತಕದ ಮೇಲೆ ಹೆಸರು ಬರೆಯುತ್ತಿದ್ದಿರಲ್ಲ, ಹಾಗೆಯೇ ಬೂಟಿನ ನಾಲಿಗೆಯ ಒಳಬದಿಯಲ್ಲಿ ತಾರೀಖು ಬರೆದಿಡಿ. 400 ಕಿ.ಮೀ. ದಾಟಿದ ಮೇಲೆ ತಿಂಗಳಿಗೊಮ್ಮೆ ಮೇಜಿನ ಮೇಲಿಟ್ಟು ನೋಡಿ.