ರಕ್ತ ಬೇಡವೆಂದವರ ಸಹಿ ಮತ್ತು ಫಾರಂನಲ್ಲಿಲ್ಲದ ಅಂಕಿ

ಘನತೆಯಿಂದ ಸಾಯುವ ಹಕ್ಕಿನ ಕುರಿತು ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದ ಮೇಲೆ ಎಲ್ಲರ ಮಾತೂ ವೆಂಟಿಲೇಟರಿನ ಸುತ್ತಲೇ ಸುತ್ತಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಯ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು, ಒಂದೊಂದರಲ್ಲೂ ಮೂವರು ವೈದ್ಯರು, ಮ್ಯಾಜಿಸ್ಟ್ರೇಟರಿಗೆ ಒಂದು ಪ್ರತಿ. ಇರಲಿ, ಬೇಕಾದದ್ದೇ. ಆದರೆ ಬದುಕಿ ಬಾಳಬೇಕಾದ ಇಪ್ಪತ್ತೆರಡರ ಬಸುರಿ ಹೆಣ್ಣುಮಗಳು ‘ರಕ್ತ ಬ್ಯಾಡ್ರಿ’ ಅಂದರೆ ನಡೆಯುವುದೇನು? ಒಂದು ಹಾಳೆ, ಒಂದು ಸಾಲು, ಗಂಡನ ಸಹಿ.

ಅವಳಿಗೂ ಮಂಡಳಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ರಕ್ತ ಬೇಡವೆನ್ನಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ತಕರಾರು ಆ ಒಂದು ಸಾಲಿನ ಮೇಲೆ: ‘ಮುಂದೆ ಆಗುವ ಯಾವುದೇ ಅನಾಹುತಕ್ಕೆ ನಾವೇ ಜವಾಬ್ದಾರರು, ಆಸ್ಪತ್ರೆಯವರು ಜವಾಬ್ದಾರರಲ್ಲ.’ ಆ ಸಾಲನ್ನು ಫಾರಂನ ನೆತ್ತಿಯಿಂದ ಇಳಿಸಿ, ಆ ಜಾಗದಲ್ಲಿ ರೋಗಿಯ ಆ ದಿನದ ಎಚ್‌ಬಿ ಅಂಕಿ ಬರೆಯಬೇಕು. ತೀರ್ಪು ಮೊದಲೇ ಹೇಳಿಬಿಟ್ಟೆ. ಇನ್ನು ಕಾರಣ.

ಉಗಾರ ಖುರ್ದದ ನಮ್ಮ ಓಣಿಯ ಹುಡುಗನೊಬ್ಬ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ ಆಸ್ಪತ್ರೆಗೆ ನಾನೂ ಹೋಗಿದ್ದೆ. ಅವಳಿಗೆ ಒಂಬತ್ತು ತಿಂಗಳು ಹತ್ತಿರ, ಮೂವತ್ತಾರು ವಾರ. ಎಚ್‌ಬಿ 5.6. ಎರಡು ಬಾಟಲಿ ರಕ್ತ ಏರಿಸಬೇಕು ಎಂದು ಡಾಕ್ಟರು ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. 34 ವಾರ ದಾಟಿದ ಮೇಲೆ ಏಳಕ್ಕಿಂತ ಕೆಳಗಿದ್ದರೆ ರಕ್ತ ಕೊಡುವುದು ನಮ್ಮಲ್ಲಿನ ರೂಢಿ. ಮನೆಯವರು ಬೇಡವೆಂದರು. ಆಗ ಬಂತು ಫಾರಂ. ‘ಕಾಕಾರ, ಇದರಾಗ ಏನ್ ಬರದಾರ ನೋಡ್ರಿ’ ಎಂದು ಹುಡುಗ ನನ್ನ ಕೈಗಿಟ್ಟ. ಮೇಲರ್ಧ ಇಂಗ್ಲಿಷು. ಕೆಳಗೆ ಕನ್ನಡದಲ್ಲಿ ‘ರಕ್ತಪೂರಣ ಚಿಕಿತ್ಸೆಯನ್ನು ನಿರಾಕರಿಸಿದ್ದೇವೆ’ ಎಂದಿತ್ತು. ರಕ್ತ ಏರಿಸೋದು ಎನ್ನುವ ಊರಿಗೆ ರಕ್ತಪೂರಣ ಯಾವ ಲೋಕದ ಶಬ್ದ? ಎಚ್‌ಬಿ ಎಷ್ಟು, ಏನಾಗಬಹುದು, ಯಾವಾಗ ಆಗಬಹುದು ಎಂಬ ಒಂದಕ್ಷರ ಇರಲಿಲ್ಲ. ನಮ್ಮ ಸೀಮೆಯವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ಅಲ್ಲಿಗೆ ಹೋದರೆ ಫಾರಂ ಮರಾಠಿಯಲ್ಲಿರುತ್ತದೆ ಅನ್ನುವುದಷ್ಟೇ ಫರಕು.

ಎಲ್ಲರೂ ದಾಟಿ ಹೋಗುವ ಅಂಕಿ ಇಲ್ಲಿದೆ. ರಕ್ತವಿಲ್ಲದೆ ಇದ್ದರೆ ಏನಾಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ನೋಡಲು ಬರುವುದಿಲ್ಲ. ಯಾರಿಗೂ ಬೇಕೆಂದೇ ರಕ್ತ ತಪ್ಪಿಸುವ ಹಾಗಿಲ್ಲ. ಧರ್ಮದ ಕಾರಣಕ್ಕೆ ರಕ್ತ ಬೇಡವೆಂದವರ ದಾಖಲೆಗಳಿಂದಲೇ ಅದನ್ನು ತಿಳಿಯಬೇಕು. ಅಮೆರಿಕದ ಜೆಫ್ರಿ ಕಾರ್ಸನ್ ಮತ್ತು ಸಂಗಡಿಗರು ಹಾಗೆ ನೋಡಿದರು. ಶಸ್ತ್ರಚಿಕಿತ್ಸೆಯ ನಂತರ ಎಚ್‌ಬಿ ಎಂಟು ಅಥವಾ ಅದಕ್ಕಿಂತ ಕೆಳಗಿಳಿದ 300 ಜನರ ಕಥೆ 2002ರಲ್ಲಿ ಪ್ರಕಟವಾಯಿತು. ಏಳರಿಂದ ಎಂಟರ ನಡುವೆ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ನಾಲ್ಕರಿಂದ ಐದರ ನಡುವೆ ಇಳಿದವರಲ್ಲಿ ಮೂವರಿಗೆ ಒಬ್ಬರಂತೆ ತೀರಿಕೊಂಡರು, ನಿಖರವಾಗಿ ನೂರಕ್ಕೆ 34.4. ಎಂಟರ ಕೆಳಗೆ ಒಂದೊಂದು ಗ್ರಾಂ ಇಳಿದ ಹಾಗೂ ತಕ್ಕಡಿ ಸಾವಿನ ಕಡೆ ಎರಡೂವರೆ ಪಟ್ಟು ವಾಲುತ್ತ ಹೋಯಿತು.

ಅಂದರೆ ‘ರಕ್ತ ಬೇಡ’ ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಎಚ್‌ಬಿ 7.5 ಇರುವ, ಬೇರೆ ತೊಂದರೆ ಇಲ್ಲದ ರೋಗಿ ಬೇಡವೆಂದರೆ ಅದು ಬಹುಮಟ್ಟಿಗೆ ನಡೆದೀತು. 4.5 ಇರುವವರು ಅದೇ ಫಾರಂಗೆ ಅದೇ ಸಹಿ ಹಾಕಿದರೆ ಅದು ಜೀವದ ಜೂಜು. ಇಬ್ಬರ ಹಾಳೆಯಲ್ಲೂ ‘ಯಾವುದೇ ಅನಾಹುತ’ ಎಂದೇ ಇದೆ. ಕಾರ್ಸನ್ ನೋಡಿದ್ದು ಶಸ್ತ್ರಚಿಕಿತ್ಸೆಯ ರೋಗಿಗಳನ್ನು, ಬಸುರಿಯರನ್ನಲ್ಲ. ಆದ್ದರಿಂದ ಆ 34ನ್ನು ಎತ್ತಿ ಹೆರಿಗೆ ವಾರ್ಡಿನ ಫಾರಂನಲ್ಲಿ ಅಚ್ಚು ಹಾಕಬಾರದು. ಬಸುರಿಯ ಲೆಕ್ಕ ಬೇರೆ, ಒಂದರ್ಥದಲ್ಲಿ ಇನ್ನೂ ಬಿಗಿ. ಅವಳ ರಕ್ತ ಇಂದು ಸೋರುತ್ತಿಲ್ಲ, ಆದರೆ ಸೋರುವ ದಿನ ಗೊತ್ತಿದೆ. ಸಹಜ ಹೆರಿಗೆಯಲ್ಲಿ ಅರ್ಧ ಲೀಟರ್ ಹೋದರೆ ಅದನ್ನು ಅಧಿಕ ರಕ್ತಸ್ರಾವ ಎನ್ನುತ್ತಾರೆ. ಹನ್ನೊಂದು ಇದ್ದವಳು ಅದನ್ನು ತಡೆದುಕೊಂಡಾಳು, 5.6ರವಳಿಗೆ ಕಳೆದುಕೊಳ್ಳಲು ಏನು ಉಳಿದಿದೆ?

ಇನ್ನು ಕಾನೂನು. ‘ಫಾರಂ ಇಲ್ಲದಿದ್ದರೆ ನಮ್ಮ ಗತಿ ಏನು, ನಾಳೆ ಮಂದಿ ಬಂದು ಗಾಜು ಒಡೆದರೆ?’ ಎಂದು ಡಾಕ್ಟರುಗಳು ಕೇಳುತ್ತಾರೆ. ಅವರ ಭಯ ಸುಳ್ಳಲ್ಲ. ಸುಳ್ಳಾಗಿರುವುದು ಆ ಸಾಲು ಗುರಾಣಿಯಾದೀತೆಂಬ ನಂಬಿಕೆ. 1992ರ ಜುಲೈನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ, ‘ಟಿ’ ಎಂಬ ಒಂದಕ್ಷರದಿಂದಷ್ಟೇ ಗುರುತಿಸುವ ಯುವತಿಯ ಪ್ರಕರಣವನ್ನು ನಮ್ಮ ಫಾರಂ ಬರೆಯುವವರು ಓದಿದಂತೆ ಕಾಣುವುದಿಲ್ಲ. ಇಪ್ಪತ್ತರ ವಯಸ್ಸು, 34 ವಾರದ ಬಸುರಿ, ಕಾರು ಅಪಘಾತ, ಆಮೇಲೆ ನ್ಯುಮೋನಿಯಾ. ತಾಯಿ ರಕ್ತ ಒಲ್ಲದ ಯೆಹೋವನ ಸಾಕ್ಷಿಗಳ ಪಂಥದವಳು. ಮಗಳು ಆ ಪಂಥಕ್ಕೆ ಸೇರಿರಲಿಲ್ಲ. ತಾಯಿಯ ಜತೆ ಒಬ್ಬಳೇ ಇದ್ದ ಮೇಲೆ ಆಕೆ ರಕ್ತ ಬೇಡವೆಂದಳು. ಬೇರೆ ಪರ್ಯಾಯ ಇದೆಯೇ ಎಂದು ಕೇಳಿದಳು, ಇದೆ ಎಂಬ ಉತ್ತರ ಬಂತು. ತುರ್ತಿನಲ್ಲಿ ಅದು ರಕ್ತದ ಜಾಗ ತುಂಬದು ಎಂದು ಯಾರೂ ಹೇಳಲಿಲ್ಲ. ಫಾರಂ ಕೊಟ್ಟರು, ವಿವರಿಸಲಿಲ್ಲ, ಸಹಿ ಬಿತ್ತು. ಸಿಸೇರಿಯನ್ ಆಯಿತು, ಮಗು ಸತ್ತೇ ಹುಟ್ಟಿತು, ಆಕೆಯ ಸ್ಥಿತಿ ಬಿಗಡಾಯಿಸಿತು. ತಂದೆ ಮತ್ತು ಗೆಳೆಯ ಕೋರ್ಟಿಗೆ ಹೋದರು, ಕೋರ್ಟು ರಕ್ತ ಕೊಡಲು ಒಪ್ಪಿತು.

ಆ ತೀರ್ಪಿನಲ್ಲಿ ಲಾರ್ಡ್ ಡೊನಾಲ್ಡ್‌ಸನ್ ಫಾರಂ ಬಗ್ಗೆ ಬರೆದದ್ದು ಒರಟಾಗಿಯೇ ಇದೆ. ಇಂಥ ಫಾರಂಗಳು ಮುಖ್ಯವಾಗಿ ಆಸ್ಪತ್ರೆಯನ್ನು ವ್ಯಾಜ್ಯದಿಂದ ಕಾಪಾಡಲು ಮಾಡಿದವು. ರೋಗಿಗೆ ವಿವರಿಸದೆ, ಸಹಿಯೊಂದನ್ನು ಬಿಟ್ಟು ಅರ್ಥವಾಗಿತ್ತೆಂಬ ಪುರಾವೆ ಇಲ್ಲದೆ ಹೋದರೆ ಆ ಕೆಲಸಕ್ಕೂ ಬಾರವು ಎಂಬುದು ಅದರ ಸಾರ. ಹೊಣೆ ಕಳಚುವ ಮಾತನ್ನು ರೋಗಿಯ ತೀರ್ಮಾನದಿಂದ ಬೇರ್ಪಡಿಸಿ. ತೀರ್ಮಾನವನ್ನೂ ಅದರ ಪರಿಣಾಮವನ್ನೂ ಸರಳ ಮಾತಿನಲ್ಲಿ, ದೊಡ್ಡ ಅಕ್ಷರದಲ್ಲಿ, ಬೇಕಾದರೆ ಬಣ್ಣದ ಶಾಯಿಯಲ್ಲಿ ಅಚ್ಚು ಹಾಕಿ ಎಂದೂ ಶಿಫಾರಸು ಮಾಡಿದರು. ಇದು ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಕೇಳಿದ್ದು ಬರೀ ಶಾಯಿಯ ಬಣ್ಣ!

ಪರದೇಶದ ತೀರ್ಪು ನಮಗೇಕೆ ಎನ್ನುವವರಿಗೆ ನಮ್ಮ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ಇದೆ. ವೈದ್ಯರು ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿಯಲ್ಲಿ ಚಿಕಿತ್ಸೆಯ ಸ್ವರೂಪ, ಪರ್ಯಾಯ, ಮುಖ್ಯ ಅಪಾಯಗಳ ಜತೆ ಕೊನೆಯದಾಗಿ ಇರುವುದು ಚಿಕಿತ್ಸೆ ನಿರಾಕರಿಸಿದರೆ ಆಗುವ ಕೆಡುಕು. ಒಪ್ಪಿಗೆಯ ಫಾರಂ ಮಾಡುವವರು ಮೊದಲಿನವನ್ನು ಉರು ಹೊಡೆದಿದ್ದಾರೆ, ಕೊನೆಯದನ್ನು ‘ಅನಾಹುತ’ ಎಂಬ ಒಂದು ಶಬ್ದಕ್ಕೆ ಇಳಿಸಿದ್ದಾರೆ. ಆ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇತ್ತು. ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಏಕೆಂದರೆ ರೋಗಿ ವಯಸ್ಕಳು, ತಾನೇ ಹೇಳಬಲ್ಲವಳು ಎಂದಿತು ಕೋರ್ಟು. ಹಾಗಿರುವಾಗ ಎಚ್ಚರವಿರುವ, ಮಾತಾಡುವ, ಹಾಸಿಗೆಯಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿರುವ ಹೆಣ್ಣುಮಗಳ ಪರವಾಗಿ ಗಂಡನ ಸಹಿ ಯಾವ ಲೆಕ್ಕ? (ಹದಿನೆಂಟು ತುಂಬದ ಮಕ್ಕಳ ವಿಷಯ ಬೇರೆ, ಅಲ್ಲಿ ತಂದೆತಾಯಿಯ ನಿರಾಕರಣೆಗೆ ಈ ಫಾರಂ ಬಳಸಲೇಬಾರದು.)

ಹಾಗಾದರೆ ಏನು ಬರೆಯಬೇಕು? ಅವತ್ತು ನನ್ನ ಕೈಗೆ ಬಂದ ಹಾಳೆಯ ಬದಲು ಹೀಗಿದ್ದಿದ್ದರೆ: ‘ನಿಮ್ಮ ಎಚ್‌ಬಿ ಇಂದು 5.6. ಹನ್ನೊಂದು ಇರಬೇಕಿತ್ತು. ಎರಡು ಬಾಟಲಿ ರಕ್ತ ಏರಿಸಿದರೆ ಸುಮಾರು ಎರಡು ಪಾಯಿಂಟ್ ಏರುತ್ತದೆ. ಕಬ್ಬಿಣದ ಇಂಜೆಕ್ಷನ್ ಕೊಡಬಹುದು, ಆದರೆ ಅದು ಕೆಲಸ ಮಾಡಲು ಕೆಲವು ವಾರ ಬೇಕು. ನಿಮಗೆ ಹೆರಿಗೆಗೆ ಉಳಿದಿರುವುದೂ ಕೆಲವೇ ವಾರ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೆ ನೀವು ಸಾಯಬಹುದು.’ ಸಾಯಬಹುದು ಎಂದೇ ಬರೆಯಬೇಕು. ‘ತೊಂದರೆ’, ‘ಅನಾಹುತ’, ‘ಹೆಚ್ಚುಕಮ್ಮಿ’ ಇವೆಲ್ಲ ಬರೆಯುವವರ ಸಂಕೋಚ, ಓದುವವರ ಪಾಲಿಗೆ ಮಂಜು.

ಅದರ ಕೆಳಗೆ ಎರಡು ಚೌಕ. ಒಂದು, ‘ಈಗ ಬೇಡ, ಪ್ರಾಣಕ್ಕೆ ಬಂದರೆ ಕೊಡಿ.’ ಇನ್ನೊಂದು, ‘ಪ್ರಾಣಕ್ಕೆ ಬಂದರೂ ಬೇಡ.’ ಟಿ ಪ್ರಕರಣ ಎಡವಿದ್ದು ಇಲ್ಲೇ. ಆಕೆ ಬೇಡವೆಂದದ್ದು ಯಾವ ಪರಿಸ್ಥಿತಿಗೆ ಎಂಬುದೇ ಸ್ಪಷ್ಟವಾಗಿರಲಿಲ್ಲ. ನಮ್ಮ ಕಡೆ ಬೇಡವೆನ್ನುವವರಲ್ಲಿ ಬಹುಪಾಲು ಮೊದಲ ಚೌಕದವರು ಎಂದು ನನ್ನ ಅನುಮಾನ; ಕೇಳದ ಹೊರತು ಗೊತ್ತಾಗದು. ಕೇಳುವಾಗ ಅತ್ತೆ, ಗಂಡ, ನನ್ನಂಥ ಕಾಕಾ ಎಲ್ಲರನ್ನೂ ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಬೇಕು. ಸಹಿ ಹಾಕಿದ ಮೇಲೂ ಯಾವ ಗಳಿಗೆಯಲ್ಲಾದರೂ ಬಾಯಿಮಾತಿನಲ್ಲಿ ‘ಹೂಂ, ಹಾಕ್ರಿ’ ಎಂದರೆ ಸಾಕು ಎಂಬುದನ್ನೂ ಅಲ್ಲೇ ಬರೆಯಬೇಕು.

ಮತ್ತೊಂದು ಸಾಲು, ನನ್ನ ಮಟ್ಟಿಗೆ ಬಹಳ ದೊಡ್ಡದು: ‘ರಕ್ತ ಬೇಡವೆಂದರೂ ಉಳಿದ ಚಿಕಿತ್ಸೆ ಮುಂದುವರಿಯುತ್ತದೆ.’ ಎಷ್ಟೋ ಕಡೆ ರಕ್ತ ನಿರಾಕರಣೆಗೆ ಬೇರೆ ಫಾರಂ ಇರುವುದೇ ಇಲ್ಲ. ವೈದ್ಯರ ಸಲಹೆ ಮೀರಿ ಮನೆಗೆ ಹೋಗುವವರಿಗೆ ಕೊಡುವ ಡಾಮಾ ಹಾಳೆಯನ್ನೇ ಇವರ ಮುಂದೆಯೂ ಇಡುತ್ತಾರೆ. ರಕ್ತ ಬೇಡವೆಂದವಳು ಆಸ್ಪತ್ರೆಯೇ ಬೇಡವೆಂದಂತಾಗುತ್ತದೆ. ಕಬ್ಬಿಣದ ಇಂಜೆಕ್ಷನ್ನೂ ಇಲ್ಲದೆ ಬಸ್ಸು ಹತ್ತುತ್ತಾಳೆ, ಹೆರಿಗೆಗೆ ಎಲ್ಲಿ ಬರಬೇಕೆಂಬ ಮಾತೂ ಆಗಿರುವುದಿಲ್ಲ. ಯಾರಿಗೆ ಆಸ್ಪತ್ರೆ ಎಲ್ಲರಿಗಿಂತ ಹೆಚ್ಚು ಬೇಕೋ ಅವಳನ್ನೇ ಫಾರಂ ಹೊರಗೆ ಕಳಿಸಿತು.

ಓದಿ ಹೇಳುತ್ತ ಕೂತರೆ ಹೊತ್ತು ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ರಕ್ತ ಚಿಮ್ಮುತ್ತಿರುವಾಗ ಹೊತ್ತಿಲ್ಲ, ನಿಜ. ಆದರೆ ಈ ನಿರಾಕರಣೆ ಆದದ್ದು ಹೆರಿಗೆಗೆ ವಾರಗಳ ಮುಂಚೆ, ಮಧ್ಯಾಹ್ನ ಮೂರಕ್ಕೆ.

ಅವತ್ತು ಕೊನೆಗೆ ಆದದ್ದಿಷ್ಟು. ಮಂದಿಯನ್ನು ಹೊರಗೆ ಕಳಿಸಿ ಸಿಸ್ಟರ್ ಒಬ್ಬರು ಅವಳ ಪಕ್ಕ ಕೂತರು. ಫಾರಂನಲ್ಲಿ ಇರದಿದ್ದ ಪ್ರಶ್ನೆ ಕೇಳಿದರು: ‘ಯಾಕವ್ವಾ ಬ್ಯಾಡ?’ ಧರ್ಮವಲ್ಲ, ಭಯವೂ ಅಲ್ಲ. ರಕ್ತ ತಂದರೆ ಬದಲಿಗೆ ಯಾರಾದರೂ ರಕ್ತ ಕೊಡಲೇಬೇಕು ಎಂದು ಯಾರೋ ಹೇಳಿದ್ದರಂತೆ. ಕಬ್ಬಿನ ಸೀಜನ್ನು, ಗಂಡನಿಗೆ ಕಟಾವಿನ ಪಾಳಿ. ಅವನು ರಕ್ತ ಕೊಟ್ಟರೆ ಕೆಲಸ ಮಾಡುವವರು ಯಾರು ಎಂದು ಅವಳೇ ಅತ್ತೆಗೆ ‘ಬ್ಯಾಡ ಅಂತ ಹೇಳ್ರಿ’ ಎಂದಿದ್ದಳು. ಬದಲಿ ರಕ್ತಕ್ಕೆ ಒತ್ತಾಯ ಮಾಡುವ ಪದ್ಧತಿಯನ್ನು ಕೈಬಿಡಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳಿದೆ. ಸಿಸ್ಟರ್ ಎದ್ದು ಹೋಗಿ ಒಂದು ಫೋನ್ ಮಾಡಿದರು. ಸಂಜೆಗೆ ಮೊದಲ ಬಾಟಲಿ ಬಂತು. ಹುಡುಗ ಆಗಲೇ ಸಹಿ ಮಾಡಿದ್ದ ಹಾಳೆ ಮಾತ್ರ ಫೈಲಿನಲ್ಲಿ ಹಾಗೇ ಉಳಿಯಿತು, ಅದನ್ನು ರದ್ದು ಮಾಡಲು ಅದರಲ್ಲಿ ಜಾಗವಿರಲಿಲ್ಲ.