'ಕನ್ಫರ್ಮ್' ಆದ ಕ್ರಿಪ್ಟೋ ಹಣ ವಾಪಸ್ ಹೋಗುವುದು ಹೇಗೆ?

2025ರ ಆಗಸ್ಟ್‌ನಲ್ಲಿ ಕ್ರಾಕೆನ್ ಎಂಬ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್ ಮೊನೆರೋ ನಾಣ್ಯದ ಡೆಪಾಸಿಟ್‌ಗಳನ್ನು ಕೆಲವು ದಿನ ನಿಲ್ಲಿಸಿತು. ಮತ್ತೆ ಶುರು ಮಾಡುವಾಗ ಇಟ್ಟ ಷರತ್ತು ನೋಡಿ: ಹಣ ಬಂದ ಮೇಲೆ 720 ಕನ್ಫರ್ಮೇಶನ್ ಆಗಬೇಕು. ಮೊನೆರೋದಲ್ಲಿ ಸುಮಾರು ಎರಡು ನಿಮಿಷಕ್ಕೊಂದು ಬ್ಲಾಕ್. ಅಂದರೆ ಪೂರ್ತಿ ಒಂದು ದಿನ ಕಾಯಬೇಕು. ಕ್ಯೂಬಿಕ್ ಎಂಬ ಒಂದೇ ಗುಂಪು ಆ ನೆಟ್‌ವರ್ಕ್‌ನ ಮೈನಿಂಗ್ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ಕೈಗೆ ಬಂದಿದೆ ಎಂದು ಹೇಳಿಕೊಂಡದ್ದೇ ಇದಕ್ಕೆ ಕಾರಣ.

ಅರ್ಧಕ್ಕಿಂತ ಹೆಚ್ಚು ಇದ್ದರೆ ಏನಾಗುತ್ತೆ? ನಮ್ಮಲ್ಲಿ ಅನೇಕರು ಸಂಬಳದಲ್ಲಿ ಸ್ವಲ್ಪ ತೆಗೆದು ಕ್ರಿಪ್ಟೋಗೆ ಹಾಕುತ್ತಾರೆ, ಕೆಲವರು ಕೈಯಿಂದ ಕೈಗೆ ದಿರ್ಹಮ್ ಕೊಟ್ಟು ನಾಣ್ಯ ತಗೊಳ್ಳುತ್ತಾರೆ. ಹಾಗಾಗಿ ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ರೂಮಿನ ಕೆಳಗಿನ ಬಕಾಲದಲ್ಲಿ ನಮ್ಮ ಸಾಲದ ಲೆಕ್ಕಕ್ಕೆ ಒಂದೇ ಪುಸ್ತಕ. ಅದರಲ್ಲಿ ಬರೆದದ್ದೇ ಸತ್ಯ, ಯಾಕೆಂದರೆ ಅಂಗಡಿಯವನು ಒಬ್ಬನೇ. ಬ್ಲಾಕ್‌ಚೈನ್‌ನಲ್ಲಿ ಅಂಗಡಿಯವನಿಲ್ಲ. ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅದೇ ಪುಸ್ತಕದ ಪ್ರತಿಗಳಿರುತ್ತವೆ, ಹೊಸ ಪುಟ ಯಾರು ಬೇಕಾದರೂ ಸೇರಿಸಬಹುದು. ಆದರೆ ಒಂದೊಂದು ಪುಟಕ್ಕೂ ಕಂಪ್ಯೂಟರ್ ಓಡಿಸಿ, ಕರೆಂಟ್ ಸುಟ್ಟು ಒಂದು ಲೆಕ್ಕ ಬಿಡಿಸಬೇಕು. ಇದೇ ಮೈನಿಂಗ್. ಎರಡು ಬೇರೆ ಬೇರೆ ಪುಸ್ತಕಗಳು ಎದುರಾದರೆ ಯಾವುದು ಸರಿ? ಯಾವುದರ ಹಿಂದೆ ಒಟ್ಟು ಕೆಲಸ ಹೆಚ್ಚು ಬಿದ್ದಿದೆಯೋ ಅದು. ಮ್ಯಾನೇಜರ್ ಇಲ್ಲ, ದೂರು ಕೊಡುವ ಕೌಂಟರೂ ಇಲ್ಲ. ಈ ಒಂದು ನಿಯಮವೇ ನೆಟ್‌ವರ್ಕ್ ಅನ್ನು ಕಾಯುತ್ತದೆ, ಕಳ್ಳ ಬರುವುದೂ ಇದೇ ಬಾಗಿಲಿನಿಂದ.

ನಿಜವಾಗಿ ನಡೆದ ಪ್ರಕರಣ ಒಂದನ್ನು ತೆಗೆದುಕೊಳ್ಳೋಣ. ಇಥೀರಿಯಂ ಕ್ಲಾಸಿಕ್ ಎಂಬ ನಾಣ್ಯವಿದೆ (ಹೆಸರು ನೋಡಿ ದೊಡ್ಡ ಇಥೀರಿಯಂ ಎಂದು ಮೋಸ ಹೋಗಬೇಡಿ, ಇದು ಬೇರೆ). 2020ರ ಜುಲೈ 31ರಿಂದ ಆಗಸ್ಟ್ 1ರ ನಡುವೆ ಒಬ್ಬ ಅನಾಮಿಕ ಮೊದಲು ದೊಡ್ಡ ಮೊತ್ತದ ನಾಣ್ಯಗಳನ್ನು ಎಕ್ಸ್‌ಚೇಂಜ್‌ನಿಂದ ತನ್ನ ವ್ಯಾಲೆಟ್‌ಗೆ ತೆಗೆದುಕೊಂಡ. ನಂತರ ನೈಸ್‌ಹ್ಯಾಶ್ ಎಂಬ ಮಾರುಕಟ್ಟೆಯಲ್ಲಿ ಮೈನಿಂಗ್ ಶಕ್ತಿಯನ್ನು ಬಾಡಿಗೆಗೆ ಹಿಡಿದು, ಯಾರಿಗೂ ತೋರಿಸದೆ ತನ್ನದೇ ಪುಸ್ತಕ ಬರೆಯತೊಡಗಿದ. ಎಲ್ಲರಿಗೂ ಕಾಣುವ ಪುಸ್ತಕದಲ್ಲಿ ಆ ನಾಣ್ಯಗಳನ್ನು ಎಕ್ಸ್‌ಚೇಂಜ್‌ಗೆ ಕಳಿಸಿದ. ಗುಟ್ಟಿನ ಪುಸ್ತಕದಲ್ಲಿ ಅದೇ ನಾಣ್ಯಗಳನ್ನು ತನ್ನದೇ ಇನ್ನೊಂದು ವಿಳಾಸಕ್ಕೆ ಕಳಿಸಿದ.

ಎಕ್ಸ್‌ಚೇಂಜ್‌ಗೆ ಕಾಣುವುದು ಮೊದಲಿನದು ಮಾತ್ರ. ಬ್ಲಾಕ್ ಮೇಲೆ ಬ್ಲಾಕ್ ಬಿತ್ತು, ಕನ್ಫರ್ಮ್ ಆಯಿತು, ಖಾತೆಗೆ ಜಮಾ ಆಯಿತು. ಆತ ಆ ಮೊತ್ತಕ್ಕೆ ಬೇರೆ ನಾಣ್ಯ ಕೊಂಡು ಹೊರಗೆ ಸಾಗಿಸಿದ. ಸುಮಾರು ಹನ್ನೆರಡು ಗಂಟೆ ಆದ ಮೇಲೆ ತನ್ನ 3,693 ಬ್ಲಾಕ್‌ಗಳ ಗುಟ್ಟಿನ ಪುಸ್ತಕವನ್ನು ಒಮ್ಮೆಗೇ ಹೊರಗೆ ಬಿಟ್ಟ. ಅದರಲ್ಲಿ ಕೆಲಸ ಹೆಚ್ಚಿತ್ತು. ನಿಯಮದ ಪ್ರಕಾರ ನೆಟ್‌ವರ್ಕ್ ಅದನ್ನೇ ಒಪ್ಪಿಕೊಂಡಿತು, ಹಳೆಯ ಪುಟಗಳು ರದ್ದಾದವು. ಎಕ್ಸ್‌ಚೇಂಜ್‌ಗೆ ಬಂದ ಹಣ ಬಂದೇ ಇರಲಿಲ್ಲ ಎನ್ನುವಂತಾಯಿತು. ಬಿಟ್‌ಕ್ವೆರಿ ಎಂಬ ಸಂಸ್ಥೆಯ ವಿಶ್ಲೇಷಣೆ ಪ್ರಕಾರ ಬಾಡಿಗೆಗೆ ಖರ್ಚಾದದ್ದು 17.5 ಬಿಟ್‌ಕಾಯಿನ್, ಆಗಿನ ಲೆಕ್ಕಕ್ಕೆ ಸುಮಾರು 1,92,000 ಡಾಲರ್. ಎರಡು ಸಲ ಖರ್ಚಾದ ನಾಣ್ಯದ ಬೆಲೆ ಸುಮಾರು 56 ಲಕ್ಷ ಡಾಲರ್.

ತಮಾಷೆಯೆಂದರೆ, ಯಾರೋ ಮೈನರ್‌ನ ಇಂಟರ್ನೆಟ್ ಹೋಗಿ ಮತ್ತೆ ಬಂದದ್ದರಿಂದ ಹೀಗಾಗಿದೆ ಎಂದೇ ಮೊದಲು ಎಲ್ಲರೂ ಭಾವಿಸಿದ್ದರು. ಸಂಪರ್ಕ ಕಡಿದವನು ಒಬ್ಬನೇ ಬ್ಲಾಕ್ ಮಾಡುತ್ತಾ ಹೋದರೂ ಹೊರಗಿನಿಂದ ಹೀಗೇ ಕಾಣುತ್ತದೆ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ನಾಣ್ಯ ಎರಡು ಕಡೆ ಹೋಗಿದೆಯಾ ಎಂದು ನೋಡಿದಾಗಲೇ ಕಳ್ಳತನ ಬಯಲಾದದ್ದು. ಅದೇ ತಿಂಗಳಲ್ಲಿ ಆ ನಾಣ್ಯದ ಮೇಲೆ ಇನ್ನೂ ಎರಡು ದಾಳಿಗಳು ನಡೆದವು.

ಇಲ್ಲಿ 50 ಪರ್ಸೆಂಟ್‌ಗೆ ಯಾಕಿಷ್ಟು ಮಹತ್ವ? ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಾಮೊಟೊ 2008ರ ತನ್ನ ಪ್ರಬಂಧದಲ್ಲೇ ಈ ಲೆಕ್ಕ ಹಾಕಿದ್ದಾನೆ. ದಾಳಿಕೋರನ ಕೈಯಲ್ಲಿ 30 ಪರ್ಸೆಂಟ್ ಶಕ್ತಿ ಇದ್ದು, ಪಾವತಿಯ ಮೇಲೆ 5 ಬ್ಲಾಕ್ ಬೀಳುವವರೆಗೆ ನಾವು ಕಾದರೆ, ಆತ ಎಂದಾದರೂ ಮುಂದಿನವರನ್ನು ಹಿಡಿಯುವ ಸಾಧ್ಯತೆ ಸುಮಾರು 18 ಪರ್ಸೆಂಟ್. 10 ಬ್ಲಾಕ್ ಬೀಳುವವರೆಗೆ ಕಾದರೆ ಸುಮಾರು 4 ಪರ್ಸೆಂಟ್. ಕಾದಷ್ಟೂ ನಾವು ಸುರಕ್ಷಿತ. ಆದರೆ ಶಕ್ತಿ ಅರ್ಧ ದಾಟಿದ ಕೂಡಲೇ ಈ ಲೆಕ್ಕ ತಲೆಕೆಳಗಾಗುತ್ತೆ. ಆತನ ಓಟ ಉಳಿದವರೆಲ್ಲರ ಒಟ್ಟು ಓಟಕ್ಕಿಂತ ಜೋರು, ಎಷ್ಟು ಹಿಂದಿದ್ದರೂ ಒಂದಲ್ಲ ಒಂದು ಹೊತ್ತು ದಾಟಿಯೇ ದಾಟುತ್ತಾನೆ. ಆಗ ನಾವು ಕಾಯುವುದರಿಂದ ಆಗುವುದು ಒಂದೇ: ಆತನ ಬಾಡಿಗೆ ಬಿಲ್ ಏರುತ್ತದೆ. ಕ್ರಾಕೆನ್ 720 ಎಂದದ್ದರ ಅರ್ಥವೂ ಇದೇ. ಮೊನ್ನೆಯ ಪಾವತಿ ಅಳಿಸಬಹುದು, ಮೂರು ವರ್ಷದ ಹಿಂದಿನದು ಅಳಿಸಬೇಕಾದರೆ ಮೂರು ವರ್ಷದ ಕೆಲಸ ಮತ್ತೆ ಮಾಡಬೇಕು.

ಆತನಿಗೆ ಮಾಡಲಾಗದ್ದೂ ಇದೆ. ನಿಮ್ಮ ವ್ಯಾಲೆಟ್‌ನ ಗುಪ್ತ ಕೀ ಇಲ್ಲದೆ ನಿಮ್ಮ ನಾಣ್ಯ ಖರ್ಚು ಮಾಡಲು ಆಗದು. ನಿಯಮ ಮೀರಿ ಹೊಸ ನಾಣ್ಯ ಹುಟ್ಟಿಸಲೂ ಆಗದು. ಆತ ಲಾಭಕ್ಕಾಗಿ ತಿರುಗಿಸುವುದು ತಾನೇ ಕೊಟ್ಟ ಹಣವನ್ನು. ಆದ್ದರಿಂದ ಪೆಟ್ಟು ಬೀಳುವುದು ನಾಣ್ಯ ತೆಗೆದುಕೊಂಡು ಬದಲಿಗೆ ವಾಪಸ್ ಬಾರದ ಏನನ್ನಾದರೂ ಕೊಟ್ಟವನಿಗೆ. ಹೆಚ್ಚಾಗಿ ಅದು ಎಕ್ಸ್‌ಚೇಂಜ್. ಆದರೆ ಕೈಯಲ್ಲಿ ದಿರ್ಹಮ್ ಕೊಟ್ಟ ನಮ್ಮಂಥವರೂ ಆಗಬಹುದು.

ಮೊನೆರೋ ಕಥೆಗೆ ಬರೋಣ. ಕ್ಯೂಬಿಕ್‌ಗೆ ನಿಜವಾಗಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಇತ್ತೇ ಎಂಬುದನ್ನು ಹಲವರು ಒಪ್ಪಲಿಲ್ಲ. ಆದರೂ ಆಗಸ್ಟ್‌ನಲ್ಲಿ 6 ಬ್ಲಾಕ್, ಸೆಪ್ಟೆಂಬರ್ 14ರಂದು 18 ಬ್ಲಾಕ್ ಹಿಂದಕ್ಕೆ ಹೋದವು, ನೂರಕ್ಕೂ ಹೆಚ್ಚು ವಹಿವಾಟುಗಳು ರದ್ದಾದವು. ಮೊನೆರೋದಲ್ಲಿ ಬಂದ ಹಣವನ್ನು ಮತ್ತೆ ಖರ್ಚು ಮಾಡಲು 10 ಬ್ಲಾಕ್ ಕಾಯಬೇಕು ಎಂಬ ನಿಯಮವಿದೆ. 18 ಅದನ್ನೂ ದಾಟಿತು.

ಇಥೀರಿಯಂನಂಥ ಸ್ಟೇಕಿಂಗ್ ನೆಟ್‌ವರ್ಕ್‌ನಲ್ಲಿ ಕರೆಂಟ್ ಬದಲು ಅಡವಿಟ್ಟ ನಾಣ್ಯವೇ ಮತ. ಅಲ್ಲಿ ಎರಡು ಹಂತ. ಈಗಷ್ಟೇ ಬಿದ್ದ ಬ್ಲಾಕ್‌ಗಳನ್ನು ಅರ್ಧಕ್ಕಿಂತ ಹೆಚ್ಚು ಸ್ಟೇಕ್ ಇದ್ದವನು ತಿರುಗಿಸಬಲ್ಲ. ಎಲ್ಲ ಸರಿಯಿದ್ದರೆ ಸುಮಾರು 13 ನಿಮಿಷದಲ್ಲಿ, ಮೂರರಲ್ಲಿ ಎರಡು ಪಾಲು ಸ್ಟೇಕ್‌ನ ಸಹಿ ಬಿದ್ದು ಬ್ಲಾಕ್ 'ಫೈನಲೈಸ್ಡ್' ಆಗುತ್ತದೆ. ಆಮೇಲೆ ತಿರುಗಿಸಬೇಕಾದರೆ ಕನಿಷ್ಠ ಮೂರರಲ್ಲಿ ಒಂದು ಪಾಲು ಸ್ಟೇಕ್ ಎರಡೂ ಕಡೆ ಸಹಿ ಹಾಕಿದ್ದಿರಬೇಕು. ಆ ಎರಡು ಸಹಿಗಳೇ ಸಾಕ್ಷಿ, ಅಡವಿಟ್ಟ ನಾಣ್ಯ ಮುಟ್ಟುಗೋಲಾಗುತ್ತದೆ. ಮೈನಿಂಗ್ ಬಾಡಿಗೆಯವನಿಗೆ ಈ ಹೆದರಿಕೆ ಇಲ್ಲ. ಯಂತ್ರ ಇನ್ಯಾರದೋ, ಕೆಲಸ ಮುಗಿಸಿ ಹೊರಡುತ್ತಾನೆ.

ಹೀಗಾಗಿ, ಯಾರಾದರೂ ಹೆಸರು ಕೇಳದ ಸಣ್ಣ ಮೈನಿಂಗ್ ನಾಣ್ಯ ಕೊಟ್ಟು ನಗದು ಕೇಳಿದರೆ 'ಎಷ್ಟು ಕನ್ಫರ್ಮೇಶನ್ ಆಯ್ತು' ಎಂಬ ಪ್ರಶ್ನೆಯೊಂದೇ ಸಾಲದು. ಅದರ ಈಗಿನ ಒಟ್ಟು ಮೈನಿಂಗ್ ಶಕ್ತಿಗಿಂತ ತುಸು ಹೆಚ್ಚು ಶಕ್ತಿಯನ್ನು ಒಂದು ಗಂಟೆಗೆ ಬಾಡಿಗೆ ಹಿಡಿಯಲು ಎಷ್ಟಾಗುತ್ತದೆ ಎಂದೂ ನೋಡಿ. ಆ ಮೊತ್ತ ನಿಮ್ಮ ಕೈಯಲ್ಲಿರುವ ದಿರ್ಹಮ್‌ಗಿಂತ ಕಡಿಮೆ ಇದ್ದರೆ, ಒಂದು ಗಂಟೆ ಕಾದು ಹಣ ಕೊಟ್ಟರೂ ಆತನಿಗೆ ಲಾಭವೇ. ದೊಡ್ಡ ಎಕ್ಸ್‌ಚೇಂಜ್‌ಗಳು ಆ ನಾಣ್ಯದ ಡೆಪಾಸಿಟ್ ನಿಲ್ಲಿಸಿವೆಯಾ ಎಂದೂ ಒಮ್ಮೆ ನೋಡಿ, ಅವರಿಗೆ ಇದರ ವಾಸನೆ ನಮಗಿಂತ ಮೊದಲು ಬಡಿದಿರುತ್ತದೆ.